ಹನ್ನೆರಡೂವರೆಯ ಊಟ, ಮೂರೂಕಾಲರ ಹಾಡು

ವೃದ್ಧಾಶ್ರಮಗಳ ಕಚೇರಿಯಲ್ಲಿ ಸಾಮಾನ್ಯವಾಗಿ ಒಂದು ಉದ್ದನೆಯ ನೋಟ್‌ಬುಕ್ ಇರುತ್ತದೆ. ತಾರೀಖಿನ ಮುಂದೆ ಹೆಸರು, ಹೆಸರಿನ ಮುಂದೆ ಕಾರಣ: ಮಗಳ ಮೊದಲ ವರ್ಷದ ಹುಟ್ಟುಹಬ್ಬ, ತಂದೆಯ ತಿಥಿ, ಮದುವೆಯ ಬೆಳ್ಳಿಹಬ್ಬ. ಆ ದಿನದ ಮಧ್ಯಾಹ್ನದ ಊಟ ಆ ಮನೆಯವರದು. ಕೆಲವರು ದುಡ್ಡು ಕಟ್ಟಿ ಸುಮ್ಮನಾಗುತ್ತಾರೆ. ಕೆಲವರು ಬಂದು ತಾವೇ ಬಡಿಸುತ್ತಾರೆ. ಈಚೆಗೆ ಹಾಡುವವರನ್ನೂ ಜೊತೆಗೆ ಕರೆದುಕೊಂಡು ಬರುವವರು ಹೆಚ್ಚಾಗಿದ್ದಾರೆ. ಊಟ, ಹಾಡು, ಒಂದಿಷ್ಟು ಮಾತು ಸೇರಿದ ಇಂಥ ಮಧ್ಯಾಹ್ನ ಹಿರಿಯರಿಗೆ ಹಬ್ಬವಾಗಬಹುದು, ಆಯಾಸವೂ ಆಗಬಹುದು. ಅದನ್ನು ನಿರ್ಧರಿಸುವುದು ಬಹುಮಟ್ಟಿಗೆ ಒಂದೇ ಸಂಗತಿ: ಆ ದಿನ ಯಾರ ಗಡಿಯಾರದಂತೆ ನಡೆಯುತ್ತದೆ ಎನ್ನುವುದು.

ಆಶ್ರಮದ ಗಡಿಯಾರ ಮಾತ್ರೆಗಳ ಗಡಿಯಾರ. ಬೆಳಗಿನ ತಿಂಡಿ ಎಂಟಕ್ಕೆ, ಊಟ ಹನ್ನೆರಡೂವರೆಗೆ, ಕಾಫಿ ಮೂರಕ್ಕೆ, ರಾತ್ರಿ ಊಟ ಏಳೂವರೆಗೆ ಎಂದು ಗೊತ್ತುಮಾಡಿರುವುದರ ಹಿಂದೆ ಶಿಸ್ತಿಗಿಂತ ಹೆಚ್ಚಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಪಾರ್ಕಿನ್ಸನ್ಸ್ ಔಷಧಿಗಳ ಹೊತ್ತು ಇರುತ್ತದೆ. ಹುಟ್ಟುಹಬ್ಬದ ಮನೆಯವರ ಗಡಿಯಾರ ಬೇರೆ. ಬೆಳಗ್ಗೆ ದೇವಸ್ಥಾನ, ಆಮೇಲೆ ಕೇಕ್ ತರಲು ಬೇಕರಿ, ದಾರಿಯಲ್ಲಿ ಟ್ರಾಫಿಕ್, ಕೊನೆಗೆ ಆಶ್ರಮ ತಲುಪುವಾಗ ಒಂದು ಗಂಟೆ. ಕೇಕ್ ಕತ್ತರಿಸಿ, ನಾಲ್ಕು ಮಾತಾಡಿ, ಫೋಟೊ ತೆಗೆಸಿಕೊಂಡು ಎಲೆ ಹಾಕುವಾಗ ಒಂದೂ ಮುಕ್ಕಾಲು. ಈ ಒಂದೂಕಾಲು ಗಂಟೆಯ ತಡ ಮನೆಯವರಿಗೆ ಏನೂ ಅಲ್ಲ. ಆದರೆ ಗ್ಲಿಮಿಪಿರೈಡ್ ತರಹದ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬೆಳಗ್ಗೆ ನುಂಗಿದ ಎಂಬತ್ತರ ಅಜ್ಜಿಗೆ ಅದು ಅಪಾಯದ ಹೊತ್ತು. ಅಂಥ ಮಾತ್ರೆ ಮಧ್ಯಾಹ್ನವೂ ಕೆಲಸ ಮಾಡುತ್ತಲೇ ಇರುತ್ತದೆ. ಊಟ ಬಂದಿಲ್ಲವೆಂದು ಅದು ಕಾಯುವುದಿಲ್ಲ. ರಕ್ತದಲ್ಲಿನ ಸಕ್ಕರೆ ಇಳಿಯುತ್ತಾ ಹೋಗುತ್ತದೆ.

ಹರೆಯದವರಲ್ಲಿ ಸಕ್ಕರೆ ಇಳಿದರೆ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ಎದೆ ಡವಡವ ಎನ್ನುತ್ತದೆ. ವಯಸ್ಸಾದವರಲ್ಲಿ ಈ ಲಕ್ಷಣಗಳು ಅಷ್ಟು ಎದ್ದು ಕಾಣದೆ ಇರಬಹುದು. ಮಾತು ತೊದಲುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ಕುಳಿತಲ್ಲೇ ತೂಕಡಿಕೆ ಇಷ್ಟೇ ಕಾಣಬಹುದು. ನೋಡಿದವರು ‘ಪಾಪ, ವಯಸ್ಸಾಗಿದೆ, ನಿದ್ದೆ ಬಂದಿದೆ’ ಅಂದುಕೊಳ್ಳುತ್ತಾರೆ. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡುವುದು ಆಶ್ರಮದ ನರ್ಸ್‌ಗಳಿಗೆ ಗೊತ್ತಿರುವ ಕ್ರಮ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಆದ್ದರಿಂದಲೇ ಅನುಭವವಿರುವ ಮೇಲ್ವಿಚಾರಕರು ಫೋನಿನಲ್ಲಿಯೇ ಒಂದು ಮಾತು ಹೇಳಿಬಿಡುತ್ತಾರೆ: “ನೀವು ಬಂದರೂ ಬರದಿದ್ದರೂ ಹನ್ನೆರಡೂವರೆಗೆ ಊಟ ಬಡಿಸ್ತೀವಿ, ಬೇಜಾರು ಮಾಡ್ಕೋಬೇಡಿ.” ಕೇಳಲು ಒರಟು ಅನ್ನಿಸಿದರೂ ಆ ದಿನದ ಅತ್ಯಂತ ಕಾಳಜಿಯ ಮಾತು ಅದೇ.

ಹಾಗಾದರೆ ಒಂದು ಮಧ್ಯಾಹ್ನವನ್ನು ಹೇಗೆ ಜೋಡಿಸಬೇಕು? ನಲವತ್ತು ಹಿರಿಯರಿರುವ ಆಶ್ರಮ ಎಂದಿಟ್ಟುಕೊಳ್ಳೋಣ. ಎಂಟು ಜನ ಸಿಬ್ಬಂದಿ. ಹುಟ್ಟುಹಬ್ಬದ ಮನೆಯಿಂದ ಮಕ್ಕಳೂ ಸೇರಿ ಹನ್ನೆರಡು ಮಂದಿ. ಒಟ್ಟು 60 ಎಲೆ. ಮದುವೆ ಮನೆಯ ಅಡುಗೆಯವರನ್ನು ಕೇಳಿದರೆ ಅರವತ್ತು ಜನಕ್ಕೆ ಏಳೆಂಟು ಕಿಲೊ ಅಕ್ಕಿ ಎನ್ನಬಹುದು. ಆದರೆ ಎಂಬತ್ತು ದಾಟಿದವರು ಒಂದು ಹೊತ್ತಿಗೆ ಉಣ್ಣುವುದು ಸುಮಾರು 60ರಿಂದ 75 ಗ್ರಾಂ ಅಕ್ಕಿಯ ಅನ್ನ. ತಲೆಗೆ 70 ಗ್ರಾಂ ಹಿಡಿದರೆ ಹಿರಿಯರಿಗೆ ಮೂರು ಕಿಲೊಗೂ ಕಡಿಮೆ. ಉಳಿದ ಇಪ್ಪತ್ತು ಜನಕ್ಕೆ ಎರಡೂವರೆ ಕಿಲೊ. ಐದೂವರೆ ಕಿಲೊ ಧಾರಾಳ. ಹೆಚ್ಚು ಮಾಡಿದರೆ ಮಿಕ್ಕಿದ್ದು ರಾತ್ರಿಗೆ ಎಂದು ಮೂಲೆ ಸೇರುತ್ತದೆ. ಬೇಯಿಸಿದ ಅನ್ನ ಹೊರಗೆ ಬೆಚ್ಚಗೆ ಕುಳಿತಷ್ಟೂ ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಮಗೆ ಒಂದು ದಿನದ ವಾಂತಿ ಅನ್ನಿಸುವುದು ಅವರಲ್ಲಿ ನಿರ್ಜಲೀಕರಣವಾಗಿ ಆಸ್ಪತ್ರೆಯ ಹಾಸಿಗೆಯವರೆಗೆ ಹೋಗಬಲ್ಲದು. ಎಲೆ ತುಂಬ ಬಡಿಸುವುದೇ ಔದಾರ್ಯ ಎಂದು ಬೆಳೆದವರಿಗೆ ಅಳೆದು ಬೇಯಿಸುವುದು ಕಷ್ಟ. ಇಲ್ಲಿ ಅದನ್ನು ಕಲಿಯಲೇಬೇಕು.

ಇನ್ನು ಅಡುಗೆಯ ಪಟ್ಟಿ. ಹಬ್ಬದ ಊಟ ಎಂದರೆ ಕೋಸಂಬರಿ, ಚಿತ್ರಾನ್ನ, ಹಪ್ಪಳ, ವಡೆ, ಹೋಳಿಗೆ ಕಣ್ಣ ಮುಂದೆ ಬರುತ್ತವೆ. ಹಲ್ಲಿಲ್ಲದವರ ಕಡೆಯಿಂದ ನೋಡಿದರೆ ಇವು ಒಂದೊಂದೂ ಒಂದೊಂದು ತೊಡಕು. ಕೋಸಂಬರಿಯ ಹೆಸರುಬೇಳೆ ಹಸಿಯದು, ಕಟ್ಟಿಸಿದ ಹಲ್ಲಿನ ಸೆಟ್ಟಿನ ಕೆಳಗೆ ಸೇರಿ ಒಸಡನ್ನು ಚುಚ್ಚುತ್ತದೆ. ಚಿತ್ರಾನ್ನದ ಕಡಲೆಕಾಯಿ ಬೀಜ, ಪಾಯಸದ ಇಡೀ ಗೋಡಂಬಿ ಗಂಟಲಿಗೆ ಅಡ್ಡ ಬೀಳಬಲ್ಲವು. ಹಾಗೆಂದು ಹಬ್ಬದ ರುಚಿಯನ್ನೇ ಕೈಬಿಟ್ಟು ಗಂಜಿ ಬಡಿಸಬೇಕಿಲ್ಲ. ಸೌತೆಕಾಯಿಯನ್ನು ತುರಿದು ಮೊಸರಿಗೆ ಹಾಕಿ ಪಚಡಿ ಮಾಡಬಹುದು. ಚಿತ್ರಾನ್ನದ ಒಗ್ಗರಣೆಗೆ ಬೀಜವನ್ನು ಪುಡಿ ಮಾಡಿ ಹಾಕಬಹುದು. ಮೆತ್ತಗೆ ಬೆಂದ ಬಿಸಿಬೇಳೆಬಾತ್, ಸಿಹಿಗುಂಬಳದ ಪಲ್ಯ, ಬೂದುಗುಂಬಳದ ಮಜ್ಜಿಗೆಹುಳಿ ಹಲ್ಲನ್ನು ಕೇಳುವುದಿಲ್ಲ, ಹಬ್ಬದ ಘಮವನ್ನೂ ಬಿಟ್ಟುಕೊಡುವುದಿಲ್ಲ. ಹೋಳಿಗೆ ಬೇಕೇಬೇಕು ಎನ್ನುವವರಿಗೆ ಬಿಸಿ ಹಾಲಿನಲ್ಲಿ ನೆನೆಸಿ ಕಿವುಚಿ ಕೊಟ್ಟರೆ ತಿನ್ನುತ್ತಾರೆ.

ಅನ್ನ ಸಾರಿನ ವಿಷಯ ಸ್ವಲ್ಪ ನಿಂತು ನೋಡಬೇಕಾದ್ದು. ಕನ್ನಡದ ಮನೆಗಳಲ್ಲಿ ಅದಕ್ಕಿಂತ ಹಗುರವಾದ ಊಟವಿಲ್ಲ ಎಂಬ ನಂಬಿಕೆ ಇದೆ. ಜೀರ್ಣದ ಮಟ್ಟಿಗೆ ಅದು ಸರಿ. ಆದರೆ ಪಾರ್ಶ್ವವಾಯು ಬಡಿದವರಿಗೆ, ಪಾರ್ಕಿನ್ಸನ್ಸ್ ಅಥವಾ ಮರೆವಿನ ಕಾಯಿಲೆ ಮುಂದುವರಿದವರಿಗೆ ನುಂಗುವುದೇ ಕಷ್ಟವಾಗಿರುತ್ತದೆ. ಅಂಥವರಿಗೆ ತೆಳ್ಳಗಿನ ದ್ರವ ಮತ್ತು ಬಿಡಿ ಅಗುಳು ಒಟ್ಟಿಗೆ ಬಂದಾಗಲೇ ಹೆಚ್ಚು ತೊಂದರೆ. ಬಾಯಿ ಅಗುಳನ್ನು ಅಗಿಯುತ್ತಿರುವಾಗಲೇ ಸಾರು ಹಿಂದಕ್ಕೆ ಜಾರಿ ಶ್ವಾಸನಾಳದ ಕಡೆ ಇಳಿಯುತ್ತದೆ. ಶ್ಯಾವಿಗೆ ಪಾಯಸದ ಕತೆಯೂ ಇದೇ: ನೀರಾದ ಹಾಲು, ಅದರಲ್ಲಿ ಜಾರುವ ಎಳೆ. ಅನ್ನವನ್ನು ಸಾರಿನಲ್ಲಿ ಚೆನ್ನಾಗಿ ಮಿದ್ದು, ಚಮಚದಿಂದ ಜಾರಿ ಹೋಗದಷ್ಟು ಗಟ್ಟಿ ಮಾಡಿದರೆ ಅಪಾಯ ತಗ್ಗುತ್ತದೆ. ಪಾಯಸಕ್ಕೆ ಶ್ಯಾವಿಗೆಯ ಬದಲು ಹೆಸರುಬೇಳೆಯನ್ನು ಕರಗುವಂತೆ ಬೇಯಿಸಿ ಗಟ್ಟಿಯಾಗಿ ಮಾಡಬಹುದು. ಯಾರಿಗೆ ಯಾವ ಹದ ಎಂಬುದು ದಿನವೂ ಉಣಿಸುವ ಆಯಾಗಳಿಗೆ ತಿಳಿದಿರುತ್ತದೆ. ಪ್ರೀತಿಯಿಂದ ತುತ್ತು ಕೊಡಲು ಬಂದವರು ಅವರನ್ನು ಕೇಳಿಯೇ ಕೊಡಬೇಕು. ನೆಟ್ಟಗೆ ಕೂರಿಸಿ, ಗದ್ದ ಕೊಂಚ ತಗ್ಗಿಸಿ, ಚಿಕ್ಕ ತುತ್ತು. ಹಿಂದಿನದು ಇಳಿಯಿತೆಂದು ನೋಡಿ ಮುಂದಿನದು. ಉಣ್ಣುವಾಗ ಕೆಮ್ಮು, ಕಣ್ಣಲ್ಲಿ ನೀರು, ಉಂಡ ಮೇಲೆ ದನಿ ಒದ್ದೆಯಾದಂತೆ ಗೊರಗುಟ್ಟುವುದು ಕಂಡರೆ ಅಲ್ಲಿಗೆ ನಿಲ್ಲಿಸಿ ನರ್ಸನ್ನು ಕರೆಯಬೇಕು. ತುತ್ತು ಕೊಡುವ ಫೋಟೊಗಾಗಿ ಒಂದು ದೊಡ್ಡ ಕೇಕ್ ತುಂಡನ್ನು ಬಾಯಿಗೆ ತುರುಕುವುದು ಇಂಥ ದಿನಗಳಲ್ಲಿ ನಡೆಯುವ ಅತಿ ಅಪಾಯದ ಕೆಲಸ.

ಸಿಹಿ ಯಾರಿಗೆ ಎಷ್ಟು ಎಂಬುದರಲ್ಲಿ ಮರ್ಯಾದೆಯ ಪ್ರಶ್ನೆಯೂ ಇದೆ. ಸಾಲಿನಲ್ಲಿ ಕುಳಿತ ಹತ್ತು ಜನರಲ್ಲಿ ನಾಲ್ವರನ್ನು ‘ಇವರಿಗೆ ಶುಗರ್’ ಎಂದು ದಾಟಿ ಹೋದರೆ ಅವರ ಪಾಲಿಗೆ ಹಬ್ಬ ಅಲ್ಲಿಗೇ ಮುಗಿಯಿತು. ಅದಕ್ಕಿಂತ ಎಲ್ಲರಿಗೂ ಚಿಕ್ಕ ಬಟ್ಟಲು ಪಾಯಸ, ಎಲ್ಲರಿಗೂ ಸಕ್ಕರೆ ಕಡಿಮೆ, ಶುಗರ್ ಇರುವವರಿಗೆ ಅದಕ್ಕೆ ತಕ್ಕಂತೆ ಅನ್ನ ಒಂದು ಸೌಟು ಕಡಿಮೆ. ಬೆಲ್ಲ ಹಾಕಿದರೆ ಪರವಾಗಿಲ್ಲ ಎಂದು ಹಲವರು ತಿಳಿದಿದ್ದಾರೆ. ರಕ್ತದ ಸಕ್ಕರೆ ಏರಿಸುವುದರಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಇದಕ್ಕಿಂತ ಗಟ್ಟಿಯಾಗಿ ಇಲ್ಲ ಎನ್ನಬೇಕಾದ ಒಂದು ಗುಂಪಿದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಎಳನೀರು, ಬಾಳೆಹಣ್ಣು ನಿರುಪದ್ರವಿ ಅಲ್ಲ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು, ಅದು ಹೊರಹೋಗದೆ ಉಳಿದರೆ ಹೃದಯದ ಬಡಿತ ತಪ್ಪುತ್ತದೆ. ಬಂದವರು ಊಟದ ಕೊನೆಗೆ ಬಾಳೆಹಣ್ಣನ್ನು ಕೈಗೆ ಕೊಟ್ಟೇ ಹೋಗುವ ನಮ್ಮ ಪದ್ಧತಿಯಲ್ಲಿ ಇದು ನೆನಪಿರಬೇಕು.

ಕೇಕ್‌ನ ಸುತ್ತಲೂ ಒಂದೆರಡು ಸಣ್ಣ ಸಂಗತಿಗಳಿವೆ. ಆಮ್ಲಜನಕದ ಯಂತ್ರ ಹಾಕಿಕೊಂಡವರು ಕೋಣೆಯಲ್ಲಿದ್ದರೆ ಮೇಣದಬತ್ತಿ ಹಚ್ಚಲೇಬಾರದು. ಬಣ್ಣದ ಚೂರು ಹಾರಿಸಿದರೆ ನೆಲ ಜಾರುತ್ತದೆ. ಬಲೂನು ಒಡೆದ ಸದ್ದಿಗೆ ಮರೆವಿನ ಕಾಯಿಲೆಯವರು ಬೆಚ್ಚಿಬೀಳುತ್ತಾರೆ, ಮತ್ತೆ ಸಮಾಧಾನವಾಗಲು ಬಹಳ ಹೊತ್ತು ಬೇಕಾಗುತ್ತದೆ.

ಊಟ ಮುಗಿದ ಕೂಡಲೇ ಹಾಡು ಶುರುಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಬಂದವರಿಗೆ ಹೊತ್ತಾಗಿರುತ್ತದೆ, ಗಾಯಕರು ಇನ್ನೊಂದು ಕಡೆ ಹೋಗಬೇಕಿರುತ್ತದೆ. ಆದರೆ ಊಟವಾದ ಮೇಲಿನ ಒಂದೆರಡು ಗಂಟೆ ಹಿರಿಯರ ರಕ್ತದೊತ್ತಡ ಇಳಿದಿರುವ ಹೊತ್ತು. ಊಟವನ್ನು ಅರಗಿಸಲು ರಕ್ತ ಹೊಟ್ಟೆಯ ಕಡೆಗೆ ಹರಿಯುತ್ತದೆ. ಹರೆಯದ ದೇಹ ಅದನ್ನು ಸರಿದೂಗಿಸಿಕೊಳ್ಳುತ್ತದೆ, ವಯಸ್ಸಾದ ದೇಹಕ್ಕೆ, ಅದರಲ್ಲೂ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ, ಅದು ಕಷ್ಟ. ಆಗ ‘ಬನ್ನಿ ಅಜ್ಜಿ, ಒಂದು ಸ್ಟೆಪ್ ಹಾಕಿ’ ಎಂದು ಕೈ ಹಿಡಿದು ಎಬ್ಬಿಸಿದರೆ ತಲೆ ಸುತ್ತಿ ಬೀಳಬಹುದು. ಬಿದ್ದರೆ ಸೊಂಟದ ಮೂಳೆ. ಆದ್ದರಿಂದ ಉಂಡ ಮೇಲೆ ಅರ್ಧ ಗಂಟೆ ನೆಟ್ಟಗೆ ಕೂತು, ಆಮೇಲೆ ಹಾಸಿಗೆಗೆ ಹೋಗಲಿ. ಹಾಡು ಮೂರೂಕಾಲಕ್ಕೆ, ಕಾಫಿಯ ಜೊತೆ ಶುರುವಾಗಲಿ. ಅತ್ತ ಕಡೆಯ ಗಡಿಯೂ ಒಂದಿದೆ. ಮರೆವಿನ ಕಾಯಿಲೆಯವರಲ್ಲಿ ಹಲವರಿಗೆ ಇಳಿಹೊತ್ತಾದಂತೆ ತಳಮಳ ಹೆಚ್ಚಾಗುತ್ತದೆ. ನಾಲ್ಕೂವರೆಗೆ ಹಾಡು ಮುಗಿದಿರಬೇಕು. ಸಿಗುವುದು ಒಂದೂಕಾಲು ಗಂಟೆ. ಅಷ್ಟು ಸಾಕು.

ಈ ನಡುವಿನ ಎರಡು ಗಂಟೆ ಹುಟ್ಟುಹಬ್ಬದ ಮನೆಯವರಿಗೆ ಖಾಲಿ ಹೊತ್ತೇನೂ ಅಲ್ಲ. ನಿದ್ದೆ ಬಾರದೆ ಜಗಲಿಯಲ್ಲಿ ಕೂತಿರುವ ನಾಲ್ಕಾರು ಜನ ಯಾವಾಗಲೂ ಇರುತ್ತಾರೆ. ಅವರ ಜೊತೆ ಕೂತು ಹಾಡಿನ ಪಟ್ಟಿ ಮಾಡಿಕೊಳ್ಳುವ ಕೆಲಸ ಆಗ ಆಗಬೇಕು. ‘ನಿಮಗೆ ಯಾವ ಹಾಡು ಇಷ್ಟ?’ ಎಂದು ಕೇಳಿದರೆ ‘ಯಾವುದಾದ್ರೂ ಹಾಡಪ್ಪ, ಎಲ್ಲಾ ಚೆನ್ನಾಗಿರುತ್ತೆ’ ಎಂಬ ಉತ್ತರವಷ್ಟೇ ಬರುತ್ತದೆ. ‘ಅಜ್ಜಿ, ನಿಮ್ಮ ಮದುವೇಲಿ ಹಸೆಗೆ ಕರೆಯೋವಾಗ ಯಾರು ಹಾಡಿದ್ರು, ಏನು ಹಾಡಿದ್ರು?’ ಎಂದರೆ ಮುಖ ಬೇರೆಯಾಗುತ್ತದೆ. ‘ತಾತ, ಟೆಂಟಿನಲ್ಲಿ ನೋಡಿದ ಮೊದಲನೇ ಪಿಕ್ಚರ್ ಯಾವುದು?’ ಎಂದರೆ ಊರು, ಗೆಳೆಯರು, ಟಿಕೆಟ್ಟಿನ ಆಣೆಗಳ ಲೆಕ್ಕ ಎಲ್ಲ ಬರುತ್ತದೆ, ಅದರ ಹಿಂದೆಯೇ ಹಾಡೂ ಬರುತ್ತದೆ.

ಹೀಗೆ ಕೇಳುವುದಕ್ಕೆ ಕಾರಣವಿದೆ. ಮನುಷ್ಯನ ನೆನಪುಗಳು ಆಯುಷ್ಯದ ಉದ್ದಕ್ಕೂ ಸಮನಾಗಿ ಹರಡಿರುವುದಿಲ್ಲ. ಸರಿಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವಿನವು ಹೆಚ್ಚು ದಟ್ಟ, ಆ ಕಾಲದ ಹಾಡುಗಳೂ ಹಾಗೆಯೇ. 1945ರ ಸುಮಾರಿಗೆ ಹುಟ್ಟಿದವರನ್ನು ತೆಗೆದುಕೊಳ್ಳಿ. ‘ಸತ್ಯ ಹರಿಶ್ಚಂದ್ರ’ ಬಂದ 1965ರಲ್ಲಿ ಅವರಿಗೆ ಇಪ್ಪತ್ತು. ‘ಬೆಳ್ಳಿ ಮೋಡ’ 1967ರದು, ‘ಬಂಗಾರದ ಮನುಷ್ಯ’ 1972ರದು. ಆ ಕಾಲದ ರಾಜ್‌ಕುಮಾರ್ ತೆರೆಯ ಮೇಲೆ ಹೆಚ್ಚಾಗಿ ಹಾಡುತ್ತಿದ್ದದ್ದು ಪಿ.ಬಿ. ಶ್ರೀನಿವಾಸ್ ದನಿಯಲ್ಲಿ. ರಾಜ್ ತಾವೇ ಹಾಡುವುದು ರೂಢಿಯಾದದ್ದು 1974ರ ‘ಸಂಪತ್ತಿಗೆ ಸವಾಲ್’ ನಂತರ. ಇದನ್ನು ಗಮನಿಸದೆ ‘ಹಿರಿಯರಿಗೆ ರಾಜ್‌ಕುಮಾರ್ ಹಾಡು’ ಎಂದು ಎಂಬತ್ತರ ದಶಕದ ಹಾಡುಗಳನ್ನೇ ತಂದರೆ ಅವು ಈ ಅಜ್ಜ ಅಜ್ಜಿಯರು ಮಕ್ಕಳ ಶಾಲೆ ಫೀಜಿನ ಚಿಂತೆಯಲ್ಲಿದ್ದಾಗಿನ ಹಾಡುಗಳು. ತಲೆದೂಗುತ್ತಾರೆ, ದನಿಗೂಡಿಸುವುದಿಲ್ಲ. ತೊಂಬತ್ತರ ಹತ್ತಿರದವರಿಗಾದರೆ ಇನ್ನೂ ಹಿಂದೆ ಹೋಗಬೇಕು: ಪಿ. ಕಾಳಿಂಗರಾಯರ ಭಾವಗೀತೆ, ಕಂಪನಿ ನಾಟಕದ ಪದ. ಧಾರವಾಡ, ಗದಗದ ಕಡೆಯಾದರೆ ಭೀಮಸೇನ ಜೋಶಿಯವರ ದಾಸರ ಪದ, ಮಲ್ಲಿಕಾರ್ಜುನ ಮನ್ಸೂರರ ವಚನ. ಸಿನಿಮಾ ನೋಡದೆ ಬೆಳೆದ ಹಳ್ಳಿಯ ಹೆಣ್ಣುಮಕ್ಕಳಿಗೆ ಬೀಸುವ ಪದ, ಸೋಬಾನೆ, ಭಜನೆ. ಕ್ರೈಸ್ತ, ಮುಸ್ಲಿಂ ಹಿರಿಯರಿದ್ದರೆ ಅವರ ಹಾಡನ್ನೂ ಕೇಳಿ ಬರೆದುಕೊಳ್ಳಬೇಕು.

ಮಗನ ಹೆಸರನ್ನೇ ಮರೆತವರು ಹಾಡಿನ ಎರಡನೇ ಚರಣವನ್ನು ತಪ್ಪಿಲ್ಲದೆ ಹಾಡುವುದನ್ನು ಕಂಡು ಬಂದವರು ಬೆರಗಾಗುತ್ತಾರೆ. ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಸಂಶೋಧಕರು 2015ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಬಹುಕಾಲದಿಂದ ಗೊತ್ತಿರುವ ಹಾಡನ್ನು ಗುರುತಿಸುವ ಮಿದುಳಿನ ಭಾಗ ಆಲ್‌ಜೈಮರ್ಸ್‌ನಲ್ಲಿ ಉಳಿದ ಭಾಗಗಳಿಗಿಂತ ನಿಧಾನವಾಗಿ ಸವೆಯುತ್ತದೆ ಎಂಬುದು ಅವರು ಕಂಡದ್ದು. ಆದರೆ ಹಾಡು ಬಂತೆಂದು ಮರೆವು ವಾಸಿಯಾಗುತ್ತಿದೆ ಎಂದುಕೊಳ್ಳುವಂತಿಲ್ಲ. ಮರೆವಿನ ಕಾಯಿಲೆಗೆ ಸಂಗೀತ ಚಿಕಿತ್ಸೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2018ರ ಕಾಕ್ರೇನ್ ವಿಮರ್ಶೆ ಕನಿಷ್ಠ ಐದು ಸಲ ನಡೆದ ಕಾರ್ಯಕ್ರಮಗಳನ್ನಷ್ಟೇ ಪರಿಗಣಿಸಿತ್ತು. ಖಿನ್ನತೆಯ ಲಕ್ಷಣಗಳು ಕಡಿಮೆಯಾಗುವುದನ್ನು ಅದು ಗುರುತಿಸಿತು, ಸಿಡುಕು ತಳಮಳಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಒಂದು ಹುಟ್ಟುಹಬ್ಬದ ಮಧ್ಯಾಹ್ನ ಚಿಕಿತ್ಸೆ ಅಲ್ಲ. ಆ ಮಧ್ಯಾಹ್ನದ ಮಟ್ಟಿಗೆ ಸಂತೋಷ, ಅದೇನೂ ಸಣ್ಣದಲ್ಲ.

ಆ ಸಂತೋಷವನ್ನು ಕೆಡಿಸುವುದು ಬಹಳ ಸಲ ಸ್ಪೀಕರ್. ಕಿವಿ ಮಂದವಾಗಿದೆಯಲ್ಲ ಎಂದು ಸದ್ದು ಜಾಸ್ತಿ ಮಾಡುತ್ತಾರೆ. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ಕೀರಲು ಸ್ವರಗಳು ಮತ್ತು ಸ, ಶ, ತ, ಕದಂಥ ವ್ಯಂಜನಗಳು. ಸದ್ದು ಏರಿಸಿದರೆ ತಬಲ, ಕೀಬೋರ್ಡಿನ ಅಬ್ಬರ ಏರುತ್ತದೆಯೇ ಹೊರತು ಮಾತು ಸ್ಪಷ್ಟವಾಗುವುದಿಲ್ಲ. ಅಷ್ಟೇ ಅಲ್ಲ, ಇಂಥ ಕಿವಿಗಳಿಗೆ ಸಣ್ಣ ಸದ್ದು ಕೇಳಿಸುವುದಿಲ್ಲ, ದೊಡ್ಡದು ನೋವಾಗುತ್ತದೆ. ನಡುವಿನ ಅಂತರ ಕಿರಿದು. ಟೈಲ್ಸ್ ಹಾಕಿದ, ಪರದೆಯಿಲ್ಲದ ಊಟದ ಹಾಲ್‌ನಲ್ಲಿ ಪ್ರತಿಧ್ವನಿ ಬೇರೆ. ಯಾರಾದರೂ ಶ್ರವಣಸಾಧನವನ್ನು ತೆಗೆದು ಜೇಬಿಗೆ ಹಾಕಿಕೊಂಡರೆ ಸದ್ದು ಹೆಚ್ಚಾಗಿದೆ ಎಂದೇ ಅರ್ಥ. ಟ್ರ್ಯಾಕ್ ಬಿಟ್ಟು ಒಂದು ಹಾರ್ಮೋನಿಯಂ, ಸಣ್ಣ ಸ್ಪೀಕರ್ ಒಂದನ್ನು ಕೂತವರ ಕಿವಿಯ ಎತ್ತರಕ್ಕೆ ಇಟ್ಟು, ಕುರ್ಚಿಗಳನ್ನು ಸಾಲಿನ ಬದಲು ಅರ್ಧಚಂದ್ರದಂತೆ ಹಾಕಿದರೆ ಸಾಕು. ಹಾಡುವವರ ತುಟಿ ಎಲ್ಲರಿಗೂ ಕಾಣಬೇಕು, ತುಟಿ ನೋಡಿಯೂ ಅವರು ಕೇಳಿಸಿಕೊಳ್ಳುತ್ತಾರೆ. ಶ್ರುತಿಯನ್ನೂ ಇಳಿಸಬೇಕು. ವಯಸ್ಸಾದಂತೆ ಹೆಂಗಸರ ದನಿ ತಗ್ಗುತ್ತದೆ, ಎಸ್. ಜಾನಕಿ, ಪಿ. ಸುಶೀಲಾ ಹಾಡಿದ ಮೂಲ ಶ್ರುತಿಯಲ್ಲೇ ಎತ್ತಿಕೊಂಡರೆ ಅಜ್ಜಿಯರು ಮೊದಲ ಸಾಲಿಗೆ ಸೋತು ಸುಮ್ಮನಾಗುತ್ತಾರೆ. ಎರಡು ಮೂರು ಮನೆ ಇಳಿಸಿ, ಕಾಲವನ್ನು ಕೊಂಚ ನಿಧಾನ ಮಾಡಿ, ಸಾಲಿನ ನಡುವೆ ಉಸಿರಿಗೆ ಜಾಗ ಬಿಟ್ಟರೆ ಇಡೀ ಹಾಲ್ ಹಾಡುತ್ತದೆ.

ಎಲ್ಲ ಹಾಡೂ ಎಲ್ಲರಿಗೂ ಸುಖ ಕೊಡುವುದಿಲ್ಲ. ಜೋಗುಳ, ತವರಿನ ಹಾಡು, ತಾಯಿ ಮಗನ ಹಾಡು ಕೆಲವರ ಎದೆಯ ಗಾಯವನ್ನೇ ಮುಟ್ಟುತ್ತವೆ. ಕಣ್ಣೀರು ಬಂದಿತೆಂದ ಮಾತ್ರಕ್ಕೆ ನಿಲ್ಲಿಸಬೇಕಿಲ್ಲ, ಅಳು ಹಗುರಾಗುವ ಅಳುವೂ ಇರಬಹುದು. ಆದರೆ ಸೆರಗಿನ ತುದಿಯನ್ನು ಮತ್ತೆ ಮತ್ತೆ ಹಿಂಡುವುದು, ಮುಖ ತಿರುಗಿಸುವುದು, ಎದ್ದು ಬಾಗಿಲ ಕಡೆ ನೋಡುವುದು ಕಂಡರೆ ಪರಿಚಯದ ಆಯಾ ಹೋಗಿ ಪಕ್ಕದಲ್ಲಿ ಕೂರಬೇಕು, ಗಾಯಕರು ಹಾಡು ಬದಲಿಸಬೇಕು. ಅಂಥ ಹೊತ್ತಿನಲ್ಲಿ ‘ಮಕ್ಕಳು ಎಲ್ಲಿದ್ದಾರೆ, ಬರ್ತಾರಾ?’ ಎಂಬ ಪ್ರಶ್ನೆ ಯಾರ ಬಾಯಿಂದಲೂ ಬರಬಾರದು. ಮೊಬೈಲ್ ಎತ್ತಿ ಅವರ ಮುಖವನ್ನು ಹಿಡಿಯುವುದಂತೂ ಸಲ್ಲದು. ತಾವು ಆಶ್ರಮದಲ್ಲಿರುವುದನ್ನು ನೆಂಟರಿಗೆ ತಿಳಿಸದ ಹಿರಿಯರೂ ಇರುತ್ತಾರೆ.

ಹಾಲ್‌ಗೆ ಬರಲಾರದವರು ನಲವತ್ತರಲ್ಲಿ ಐದಾರು ಮಂದಿ ಇದ್ದೇ ಇರುತ್ತಾರೆ. ಕೊನೆಯ ಇಪ್ಪತ್ತು ನಿಮಿಷ ಮೈಕು ಬಿಟ್ಟು ಗಾಯಕರು ಅವರ ಹಾಸಿಗೆಯ ಪಕ್ಕಕ್ಕೆ ಹೋಗಿ ಒಂದೊಂದು ಹಾಡು ಹೇಳಬೇಕು. ಹಾಸಿಗೆ ಹಿಡಿದವರ ಕಿವಿ ಸಾಮಾನ್ಯವಾಗಿ ನಾವು ತಿಳಿದದ್ದಕ್ಕಿಂತ ಎಚ್ಚರವಾಗಿರುತ್ತದೆ.

ತಾರೀಖಿನ ಮಾತು ಉಳಿಯಿತು. ಏಪ್ರಿಲ್ 24 ರಾಜ್‌ಕುಮಾರ್ ಹುಟ್ಟಿದ ದಿನ, ಮಾರ್ಚ್ 17 ಪುನೀತ್ ಹುಟ್ಟಿದ ದಿನ. ಅಭಿಮಾನಿಗಳು ಅಂದು ಊರೂರಲ್ಲಿ ಅನ್ನದಾನ ಮಾಡುತ್ತಾರೆ. ಹಬ್ಬ, ಭಾನುವಾರ, ಹೊಸ ವರ್ಷದಂದೂ ಆಶ್ರಮಗಳಿಗೆ ಊಟದ ಮೇಲೆ ಊಟ ಬರುತ್ತದೆ. ಆಷಾಢದ ಒಂದು ಮಂಗಳವಾರ ನೋಟ್‌ಬುಕ್ಕಿನ ಸಾಲು ಖಾಲಿ. ಹುಟ್ಟುಹಬ್ಬ ಜನದಟ್ಟಣೆಯ ದಿನ ಬಿದ್ದರೆ ಅದನ್ನು ಹತ್ತು ದಿನ ಆಚೆ ಮಾಡಿದರೆ ಯಾರಿಗೂ ನಷ್ಟವಿಲ್ಲ.

ಅಷ್ಟಕ್ಕೂ ಹುಟ್ಟುಹಬ್ಬ ಬಂದವರದೇ ಆಗಬೇಕೆಂದಿಲ್ಲ. ಆಶ್ರಮದವರ ಆಧಾರ್ ಕಾರ್ಡುಗಳನ್ನು ನೋಡಿದರೆ ಜನವರಿ 1, ಜೂನ್ 1 ಎಂಬ ಹುಟ್ಟಿದ ದಿನಗಳು ಹಲವು ಸಿಗುತ್ತವೆ. ನಿಜವಾದ ತಾರೀಖು ಯಾರೂ ಬರೆದಿಟ್ಟಿರಲಿಲ್ಲ. ಗುರುತಿನ ಚೀಟಿ ಮಾಡಿಸುವಾಗ ಅಥವಾ ಶಾಲೆಗೆ ಸೇರಿಸುವಾಗ ಯಾವುದೋ ಒಂದು ದಿನ ಹಾಕಿದರು. ಆದರೆ ‘ರಾಗಿ ಕುಯ್ಲಿನ ಹೊತ್ತಲ್ಲಿ ಹುಟ್ಟಿದ್ದು’, ‘ಗೌರಿ ಹಬ್ಬದ ಮಾರನೇ ದಿನ ಅಂತ ಅವ್ವ ಹೇಳ್ತಿದ್ಲು’ ಎಂದು ಅವರಿಗೆ ನೆನಪಿರುತ್ತದೆ. ಹಾಗೆ ಹೇಳಿದ ತಿಂಗಳು ಹಿಡಿದು ಆ ತಿಂಗಳವರೆಲ್ಲರ ಹುಟ್ಟುಹಬ್ಬವನ್ನು ಒಂದೇ ದಿನ ಮಾಡುವ ರೂಢಿ ಕೆಲವು ಕಡೆ ಇದೆ. ಎಂಬತ್ತರವರಿಗೆ ಇನ್ನೊಂದು ಸಂಭ್ರಮವೂ ಇದೆ: ಸಹಸ್ರ ಚಂದ್ರ ದರ್ಶನ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ಸಾವಿರ ಹುಣ್ಣಿಮೆಗೆ 29,530 ದಿನ, ಅಂದರೆ ಎಂಬತ್ತು ವರ್ಷ ಹತ್ತು ತಿಂಗಳು. ಬಂದ ಮನೆಯ ಮಗುವಿನ ಒಂದನೇ ವರ್ಷವೂ ಆಶ್ರಮದ ಅಜ್ಜಿಯ ಸಾವಿರದ ಹುಣ್ಣಿಮೆಯೂ ಒಂದೇ ಮಧ್ಯಾಹ್ನ ನಡೆಯಬಹುದು. ಆಗ ಅಜ್ಜಿ ಉಣ್ಣಿಸಿಕೊಳ್ಳುವವಳಷ್ಟೇ ಅಲ್ಲ, ಮಗುವಿಗೆ ಆರತಿ ಎತ್ತಿ ಹಾಡು ಹೇಳುವ ಹಿರಿಯಳೂ ಆಗುತ್ತಾಳೆ. ಅಂದಿನ ಹಾಡಿನ ಪಟ್ಟಿಯನ್ನು ಹೆಸರುಗಳ ಸಮೇತ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದಿನ ತಿಂಗಳು ಬರುವ ಮನೆಯವರಿಗೆ ಯಾರಿಗೆ ಯಾವ ಹಾಡು ಎಂದು ಮೊದಲೇ ತಿಳಿಯುತ್ತದೆ.